ಆಲ್ಕೇನ್‌ಗಳ ಹ್ಯಾಲೊಜನೀಕರಣ

ಬೆಳಕು ಅಥವಾ ಶಾಖದಿಂದ ಒಡೆದ ಹ್ಯಾಲೊಜನ್ ಅಣುವಿನ ಒಂದು ಪರಮಾಣು ಆಲ್ಕೇನ್‌ನ ಒಂದು ಹೈಡ್ರೋಜನ್ನನ್ನು ಕಿತ್ತುಕೊಂಡು ಇಂಗಾಲದ ಮುಕ್ತ ರ‍್ಯಾಡಿಕಲ್ಲನ್ನು ಉಳಿಸುತ್ತದೆ. ಆ ರ‍್ಯಾಡಿಕಲ್ ಮತ್ತೊಂದು ಹ್ಯಾಲೊಜನ್ ಅಣುವಿನಿಂದ ಒಂದು ಪರಮಾಣುವನ್ನು ಪಡೆದು ಉತ್ಪನ್ನವಾಗುತ್ತದೆ. ಉಳಿದ ಪರಮಾಣು ಸರಪಳಿಯನ್ನು ಮುಂದುವರಿಸುತ್ತದೆ. ಯಾವ ಹೈಡ್ರೋಜನ್ ಹೋಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಅಡುಗೆ ಅನಿಲದಲ್ಲೂ ಇರುವ ಐಸೊಬ್ಯುಟೇನನ್ನು ನೋಡೋಣ. ಅದರಲ್ಲಿ 9 ಪ್ರಾಥಮಿಕ ಹೈಡ್ರೋಜನ್‌ಗಳೂ 1 ತೃತೀಯಕ ಹೈಡ್ರೋಜನ್ನೂ ಇವೆ. ಕೋಣೆಯ ಉಷ್ಣತೆಯಲ್ಲಿ ಕ್ಲೋರಿನ್ ತೃತೀಯಕವನ್ನು ಸುಮಾರು 5 ಪಟ್ಟು ಮಾತ್ರ ಬೇಗ ಕೀಳುತ್ತದೆ. ಹೀಗಾಗಿ 9ಕ್ಕೆ 5ರ ಅನುಪಾತ ಬಂದು, ತೃತೀಯಕ ಕ್ಲೋರೈಡ್ ಶೇ. 36ರಷ್ಟೇ ಸಿಗುತ್ತದೆ. ಬ್ರೋಮಿನ್‌ಗೆ 127 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ವೇಗ ಸುಮಾರು 1600 ಪಟ್ಟು. ತೃತೀಯಕ ಬ್ರೋಮೈಡ್ ಶೇ. 99ಕ್ಕಿಂತ ಹೆಚ್ಚು.

ಕಾರಣ ಬಂಧದ ಬಲದಲ್ಲಿದೆ. H–Cl ಬಂಧ ಮೋಲ್‌ಗೆ 431 ಕಿಲೋಜೂಲ್, H–Br 366. ಕೀಳಬೇಕಾದ C–H ಬಂಧಗಳು ಸುಮಾರು 400ರಿಂದ 420. ಪ್ರಾಥಮಿಕವಾಗಲಿ ತೃತೀಯಕವಾಗಲಿ, ಕ್ಲೋರಿನ್‌ಗೆ ಎರಡೂ ಕಡೆ ಲಾಭವೇ. ಅದರ ಸಂಕ್ರಮಣ ಸ್ಥಿತಿ ಬೇಗ ಬರುತ್ತದೆ, C–H ಬಂಧ ಆಗಿನ್ನೂ ಅಷ್ಟಾಗಿ ಸಡಿಲಗೊಂಡಿರುವುದಿಲ್ಲ. ಬ್ರೋಮಿನ್‌ಗೆ ಈ ಹೆಜ್ಜೆ ಶಕ್ತಿ ಬೇಡುವ ಏರುದಾರಿ. ಬಂಧ ಬಹುಪಾಲು ಮುರಿದ ಮೇಲೆಯೇ ಶಿಖರ ಬರುವುದರಿಂದ ರ‍್ಯಾಡಿಕಲ್‌ನ ಸ್ಥಿರತೆ ಅಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ. 1955ರ ಹ್ಯಾಮಂಡ್ ತತ್ತ್ವ ಹೇಳುವುದು ಇದನ್ನೇ.

ಬ್ರೋಮಿನ್‌ನ ಕೆಂಗಂದು ಬಣ್ಣ ಮಾಸುತ್ತ, ಹೈಡ್ರೋಜನ್ ಬ್ರೋಮೈಡ್‌ನ ಹೊಗೆ ಏಳುವುದು ಕ್ರಿಯೆ ಸಾಗುತ್ತಿರುವ ಗುರುತು. ಉಷ್ಣತೆ ಹೆಚ್ಚಿದಂತೆ ತೃತೀಯಕ ಹೈಡ್ರೋಜನ್ನನ್ನೇ ಆರಿಸುವ ಈ ಆಯ್ಕೆಗುಣ ಕುಗ್ಗುತ್ತದೆ.