ತ್ರೀಡಿ ಮುದ್ರಣದಲ್ಲಿ ಮಾದರಿಯ ವಿಭಜನೆ ಮತ್ತು ಜೋಡಣೆ

ಮಾದರಿಯ ವಿಭಜನೆ ಎಂದರೆ ತ್ರೀಡಿ ಮುದ್ರಕದ ತಟ್ಟೆಯ ಮೇಲೆ ಹಿಡಿಸದಷ್ಟು ದೊಡ್ಡದಾದ ಮಾದರಿಯನ್ನು ಗಣಕದಲ್ಲಿಯೇ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಯಾಗಿ ಮುದ್ರಿಸಿ, ಬಳಿಕ ಪಿನ್ನು ಮತ್ತು ಅಂಟುಗಳ ನೆರವಿನಿಂದ ಒಂದಾಗಿಸುವ ವಿಧಾನ. ಇದರಲ್ಲಿ ಪಿನ್ನಿನ ಕೆಲಸ ತುಂಡುಗಳನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುವುದು. ಅವುಗಳನ್ನು ಹಿಡಿದಿಡುವುದು ಅಂಟಿನ ಕೆಲಸ. ಇವೆರಡನ್ನೂ ಪಿನ್ನಿನಿಂದಲೇ ಮಾಡಿಸಲು ಹೊರಟು ಅದನ್ನು ಬಿಗಿಯಾಗಿ ಕೂರಿಸಿದರೆ ತುಂಡುಗಳು ಪೂರ್ತಿ ಕೂಡಿಕೊಳ್ಳದೆ ಸಂದಿನಲ್ಲಿ ಎಡೆ ಉಳಿಯುತ್ತದೆ.

## ಹಿನ್ನೆಲೆ

ಫ್ರಾನ್ಸಿನ ಶಿಲ್ಪಿ ಗೇಲ್ ಲಾಂಜೆವಾಂ 2012ರಲ್ಲಿ ಆರಂಭಿಸಿದ ಇನ್‌ಮೂವ್ ಎಂಬ ಆಳೆತ್ತರದ ರೋಬಾಟ್ ಈ ವಿಧಾನದ ಪ್ರಸಿದ್ಧ ನಿದರ್ಶನ. ಅದರ ಭಾಗಗಳನ್ನು ಉದ್ದ, ಅಗಲ, ಎತ್ತರ ತಲಾ 12 ಸೆಂ.ಮೀ. ಇರುವ ಮುದ್ರಕದಲ್ಲಿಯೂ ತಯಾರಿಸಬಹುದಾದಂತೆ ವಿನ್ಯಾಸಗೊಳಿಸಲಾಗಿದೆ. ಅದೇ ವರ್ಷ ಲಿಂಜಿಯೆ ಲುವೊ ಮತ್ತು ಸಂಗಡಿಗರು ‘ಚಾಪರ್’ ಎಂಬ ಸಂಶೋಧನಾ ಪ್ರಬಂಧದಲ್ಲಿ, ಕತ್ತರಿಸುವ ಸ್ಥಳಗಳನ್ನು ಗಣಕವೇ ಆರಿಸುವ ಕ್ರಮವನ್ನು ವಿವರಿಸಿದರು. ಮುದ್ರಣಕ್ಕೆ ಮುನ್ನ ಮಾದರಿಯನ್ನು ಪದರಗಳಾಗಿ ಸೀಳುವ ತಂತ್ರಾಂಶಗಳಲ್ಲಿಯೂ ಈಗ ಈ ಸೌಲಭ್ಯವಿದೆ. ಪ್ರೂಸಾಸ್ಲೈಸರ್‌ನ `Cut` ಉಪಕರಣವು ಮಾದರಿಯನ್ನು ಕತ್ತರಿಸುವಾಗಲೇ ಪಿನ್ನು ಮತ್ತು ರಂಧ್ರಗಳನ್ನು ಸೇರಿಸಬಲ್ಲದು. ತುಂಡಿಗೆ ಅಂಟಿಕೊಂಡೇ ಬೆಳೆಯುವ ಪಿನ್ನಿಗೆ ಅದರಲ್ಲಿ `Plug` ಎಂದೂ, ಬೇರೆಯಾಗಿ ಮುದ್ರಿಸಿ ಎರಡೂ ಕಡೆ ತೂರಿಸುವ ಪಿನ್ನಿಗೆ `Dowel` ಎಂದೂ ಹೆಸರು.

## ಕತ್ತರಿಸುವ ಸ್ಥಳ

ಉದಾಹರಣೆಗೆ, 420 ಮಿ.ಮೀ. ಎತ್ತರದ, ನಿಲುವಂಗಿ ತೊಟ್ಟು ನಿಂತ ಪ್ರತಿಮೆಯೊಂದನ್ನು ಮೂರೂ ದಿಕ್ಕಿನಲ್ಲಿ 180 ಮಿ.ಮೀ. ಅಳತೆಯ ಮುದ್ರಕದಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ತಯಾರಿಸಬೇಕಾಗಿದೆ ಎಂದುಕೊಳ್ಳಬಹುದು. ಈ ಘನದ ಅತಿ ಉದ್ದದ ಕರ್ಣವೂ ಸುಮಾರು 312 ಮಿ.ಮೀ. ಮಾತ್ರ. ಆದುದರಿಂದ ಪ್ರತಿಮೆಯನ್ನು ಓರೆಯಾಗಿ ಮಲಗಿಸಿದರೂ ಅದು ಹಿಡಿಸುವುದಿಲ್ಲ. ಮೂರು ತುಂಡುಗಳು ಅನಿವಾರ್ಯ.

ಎತ್ತರವನ್ನು ಸಮನಾಗಿ ಹಂಚಿದರೆ 140 ಮತ್ತು 280 ಮಿ.ಮೀ.ಗಳಲ್ಲಿ ಕತ್ತರಿಸಬೇಕಾಗುತ್ತದೆ. ಆಗ ಎರಡನೆಯ ಸಂದು ಎದೆಯ ನುಣುಪಾದ ಭಾಗದ ಮೇಲೆ ಬಂದು ಎದ್ದು ಕಾಣುತ್ತದೆ. ಅದರ ಬದಲು ನಿಲುವಂಗಿಯ ಕಸೂತಿ ಪಟ್ಟಿ ಇರುವ 120 ಮಿ.ಮೀ. ಹಾಗೂ ನಡುಕಟ್ಟಿನ ಅಂಚು ಇರುವ 250 ಮಿ.ಮೀ. ಎತ್ತರಗಳನ್ನು ಆರಿಸಿದರೆ, ಸಂದು ಅಲಂಕಾರದ ರೇಖೆಯಲ್ಲಿಯೇ ಅಡಗುತ್ತದೆ. ತುಂಡುಗಳ ಎತ್ತರ ಕ್ರಮವಾಗಿ 120, 130 ಮತ್ತು 170 ಮಿ.ಮೀ. ಆಗುವುದರಿಂದ ಮೂರೂ ಮುದ್ರಕದೊಳಗೆ ಹಿಡಿಸುತ್ತವೆ.

ಮೂರು ತುಂಡುಗಳನ್ನೂ ನೆಟ್ಟಗೆ ನಿಲ್ಲಿಸಿ, ತಟ್ಟೆಯ ಮೇಲೆ ಒಂದೇ ದಿಕ್ಕಿಗೆ ಮುಖಮಾಡಿಸಿ ಮುದ್ರಿಸುವುದು ಲೇಸು. ಮುದ್ರಕದ ಅಳತೆಯಲ್ಲಿ ಸಣ್ಣ ದೋಷವಿದ್ದರೆ ಅದು ಸಂದಿನ ಎರಡೂ ಮುಖಗಳಲ್ಲಿ ಒಂದೇ ರೀತಿಯಲ್ಲಿ ಮೂಡುತ್ತದೆ. ಹೀಗಾಗಿ ಹೊರರೇಖೆಗಳು ಪರಸ್ಪರ ಹೊಂದುತ್ತವೆ. ಒಂದು ತುಂಡನ್ನು ನಿಲ್ಲಿಸಿ, ಮತ್ತೊಂದನ್ನು ಮಲಗಿಸಿ ಮುದ್ರಿಸಿದರೆ ಈ ಅನುಕೂಲ ತಪ್ಪಿಹೋಗುತ್ತದೆ.

## ಪಿನ್ನು ಮತ್ತು ರಂಧ್ರ

ತುಂಡಿನ ಮೇಲೆ ನೆಟ್ಟಗೆ ಬೆಳೆಯುವ ಸಣ್ಣ ಪಿನ್ನು ಬುಡದಲ್ಲಿ ಸುಲಭವಾಗಿ ಮುರಿಯುತ್ತದೆ. ಅದರ ಪದರಗಳು ಒಂದರ ಮೇಲೊಂದು ಅಡ್ಡಲಾಗಿ ಕುಳಿತಿರುವುದರಿಂದ, ಪಕ್ಕದಿಂದ ಬಿದ್ದ ಒತ್ತಡಕ್ಕೆ ಎರಡು ಪದರಗಳ ನಡುವೆ ಬಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಆದುದರಿಂದ ಪಿನ್ನನ್ನು ಬೇರೆಯಾಗಿ, ತಟ್ಟೆಯ ಮೇಲೆ ಮಲಗಿಸಿ ಮುದ್ರಿಸಲಾಗುತ್ತದೆ. ಆಗ ಪ್ಲಾಸ್ಟಿಕ್ಕಿನ ಎಳೆಗಳು ಪಿನ್ನಿನ ಉದ್ದಕ್ಕೂ ಹರಿದಿರುತ್ತವೆ.

ಈ ಪ್ರತಿಮೆಗೆ 6 ಮಿ.ಮೀ. ವ್ಯಾಸದ, 20 ಮಿ.ಮೀ. ಉದ್ದದ ಪಿನ್ನುಗಳು ಸಾಕು. ಪ್ರತಿ ಸಂದಿಗೆ ಎರಡು ಪಿನ್ನುಗಳು ಬೇಕು. ರಂಧ್ರದ ಆಳ ಎರಡೂ ಕಡೆ 11 ಮಿ.ಮೀ. ಇದ್ದರೆ, ಒಟ್ಟು 2 ಮಿ.ಮೀ. ಜಾಗ ಉಳಿದು ಹೆಚ್ಚಿನ ಅಂಟು ಅದರಲ್ಲಿ ಸೇರಿಕೊಳ್ಳುತ್ತದೆ. ಮಲಗಿಸಿ ಮುದ್ರಿಸುವ ಪಿನ್ನಿನ ಅಡಿಭಾಗವನ್ನು ಅರ್ಧ ಮಿ.ಮೀ.ನಷ್ಟು ಚಪ್ಪಟೆ ಮಾಡಿದರೆ ಅದು ತಟ್ಟೆಯ ಮೇಲೆ ಉರುಳದೆ ನಿಲ್ಲುತ್ತದೆ. ಜೋಡಿಸುವಾಗ ರಂಧ್ರದೊಳಗಿನ ಗಾಳಿಯೂ ಆ ದಾರಿಯಿಂದಲೇ ಹೊರಹೋಗುತ್ತದೆ. ಗಾಳಿಗೆ ದಾರಿಯಿಲ್ಲದಿದ್ದರೆ ಅದು ಪಿನ್ನನ್ನು ಹಿಂದಕ್ಕೆ ತಳ್ಳುತ್ತದೆ.

ಮುದ್ರಿತ ರಂಧ್ರ ಸಾಮಾನ್ಯವಾಗಿ ಗಣಕದ ಅಳತೆಗಿಂತ ತುಸು ಕಿರಿದಾಗಿ ಬರುತ್ತದೆ. ಆದುದರಿಂದ 6.1ರಿಂದ 6.5 ಮಿ.ಮೀ.ವರೆಗಿನ ಐದು ರಂಧ್ರಗಳುಳ್ಳ ಸಣ್ಣ ಪಟ್ಟಿಯೊಂದನ್ನು ಮೊದಲು ಮುದ್ರಿಸಿ, ಪಿನ್ನು ಬೆರಳಿನ ಒತ್ತಡಕ್ಕೆ ಜಾರಿ ಒಳಹೋಗುವ, ಆದರೆ ಅಲುಗಾಡದ ರಂಧ್ರವನ್ನು ಆರಿಸಿಕೊಳ್ಳಬೇಕು. ಅದು 6.3 ಎಂದು ಕಂಡುಬಂದರೆ ಸಂದಿನ ಒಂದು ಪಿನ್ನಿಗೆ ಆ ಅಳತೆಯನ್ನೂ, ಇನ್ನೊಂದಕ್ಕೆ 6.5ನ್ನೂ ಕೊಡಬಹುದು. ಎರಡೂ ಬಿಗಿಯಾಗಿದ್ದರೆ ಪಿನ್ನುಗಳ ನಡುವಿನ ಅಂತರದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ತುಂಡು ಕೂರುವುದಿಲ್ಲ.

ಎರಡು ಪಿನ್ನುಗಳನ್ನು ಮಧ್ಯದಿಂದ ಸಮದೂರದಲ್ಲಿ ಇಡಬಾರದು. ನಡುಕಟ್ಟಿನ ಬಳಿ ಅಡ್ಡಕೊಯ್ತ 90 ಮಿ.ಮೀ. ಅಗಲವಿದ್ದರೆ, ಎಡಗಡೆ 35 ಮತ್ತು ಬಲಗಡೆ 25 ಮಿ.ಮೀ. ದೂರದಲ್ಲಿಟ್ಟರೆ ಮೇಲಿನ ತುಂಡನ್ನು ಹಿಂದುಮುಂದಾಗಿ ಕೂರಿಸಲು ಸಾಧ್ಯವಾಗುವುದಿಲ್ಲ.

## ಒಣ ಜೋಡಣೆ ಮತ್ತು ದೋಷಗಳು

ಅಂಟು ಹಚ್ಚುವ ಮೊದಲು ತುಂಡುಗಳನ್ನು ಹಾಗೆಯೇ ಜೋಡಿಸಿ, ಹಿಂದಿನಿಂದ ಬೆಳಕು ಹಾಯಿಸಿ ನೋಡಲಾಗುತ್ತದೆ. ದೋಷದ ಮೂಲವನ್ನು ಎಡೆಯ ರೂಪವೇ ತಿಳಿಸುತ್ತದೆ. ಸುತ್ತಲೂ ಸಮನಾದ ಎಡೆಯಿದ್ದರೆ ಪಿನ್ನು ಉದ್ದವಾಗಿದೆ, ರಂಧ್ರದೊಳಗೆ ಕಸವಿದೆ, ಇಲ್ಲವೇ ಅಂಚು ಉಬ್ಬಿದೆ. ಪಿನ್ನುಗಳನ್ನು ತೆಗೆದ ಮೇಲೂ ತುಂಡು ಅತ್ತಿತ್ತ ತೂಗಾಡಿದರೆ, ಮುದ್ರಣದ ವೇಳೆ ಮೂಲೆಗಳು ತಟ್ಟೆಯಿಂದ ಎದ್ದು ಮುಖ ಬಾಗಿದೆ ಎಂದರ್ಥ. ಎಡೆಯಿಲ್ಲದೆ, ಉಗುರಿಗೆ ಒಂದು ಬದಿಯಲ್ಲಿ ಮೆಟ್ಟಿಲು ತಗುಲಿದರೆ ರಂಧ್ರಗಳ ಸ್ಥಾನ ಸರಿದಿದೆ, ಇಲ್ಲವೇ ರಂಧ್ರ ಸಡಿಲವಾಗಿದೆ.

ಅಂಚಿನ ಉಬ್ಬು ಅತಿ ಸಾಮಾನ್ಯವಾದ ದೋಷ. ಮೊದಲ ಪದರ ತಟ್ಟೆಗೆ ಒತ್ತಿಕೊಂಡು ಹೊರಕ್ಕೆ ಹರಡುವುದರಿಂದ ಇದು ಉಂಟಾಗುತ್ತದೆ. ಇದನ್ನು ‘ಆನೆಪಾದ’ ಎನ್ನುತ್ತಾರೆ. ತಂತ್ರಾಂಶದ `Elephant foot compensation` ಆಯ್ಕೆಯಿಂದ ಇದನ್ನು ತಗ್ಗಿಸಬಹುದು. ಉಳಿದ ಉಬ್ಬನ್ನು ಚಾಕುವಿನಿಂದ ಹೆರೆಯಬಹುದು. ಬಾಗಿದ ಮುಖವನ್ನು ಗಾಜಿನ ಮೇಲೆ ಹರಡಿದ ಉಪ್ಪುಕಾಗದಕ್ಕೆ ಉಜ್ಜಿ ಸಮಗೊಳಿಸಲಾಗುತ್ತದೆ. ಬಾಗು ಹೆಚ್ಚಾಗಿದ್ದರೆ ಆ ತುಂಡನ್ನು ಮತ್ತೆ ಮುದ್ರಿಸುವುದೇ ಉತ್ತಮ. ಹೆಚ್ಚು ಉಜ್ಜಿದಷ್ಟೂ ಎತ್ತರ ಕುಗ್ಗಿ, ಸಂದಿನ ಬಳಿಯ ಅಲಂಕಾರ ರೇಖೆ ಕೂಡಿಕೊಳ್ಳುವುದಿಲ್ಲ.

## ಅಂಟು

ಪಿಎಲ್‌ಎಗೆ ಸೈನೊಅಕ್ರಿಲೇಟ್ ಅಂಟು, ಅಂದರೆ ಅಂಗಡಿಗಳಲ್ಲಿ ಸಿಗುವ ಸೂಪರ್ ಗ್ಲೂ, ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಬಹುಬೇಗ ಗಟ್ಟಿಯಾಗುವುದರಿಂದ ತಿದ್ದಿಕೊಳ್ಳಲು ಅವಕಾಶವಿರದು. ಅಗಲವಾದ ಸಂದುಗಳಿಗೆ ಎರಡು ಭಾಗಗಳನ್ನು ಕಲಸಿ ಹಚ್ಚುವ ಎಪಾಕ್ಸಿ ಹೆಚ್ಚು ಸೂಕ್ತ. ಅದು ಸಣ್ಣ ಎಡೆಗಳನ್ನೂ ತುಂಬುತ್ತದೆ. ಎಬಿಎಸ್ ಪ್ಲಾಸ್ಟಿಕ್ಕನ್ನು ಅಸಿಟೋನ್ ಕರಗಿಸುವುದರಿಂದ ಅದರ ತುಂಡುಗಳನ್ನು ಅಸಿಟೋನಿನಿಂದಲೇ ಬೆಸೆಯಬಹುದು; ಪಿಎಲ್‌ಎಗೆ ಈ ಕ್ರಮ ಒಗ್ಗುವುದಿಲ್ಲ.

ನುಣುಪಾದ ಮುಖವನ್ನು ಉಪ್ಪುಕಾಗದದಿಂದ ಒರಟಾಗಿಸಿ, ಧೂಳು ಒರೆಸಿ, ಅಂಚಿನಿಂದ ಸುಮಾರು 3 ಮಿ.ಮೀ. ಒಳಗೆ ಅಂಟನ್ನು ತೆಳುವಾಗಿ ಸವರಬೇಕು. ಒತ್ತಿದಾಗ ಅದು ಅಂಚಿನವರೆಗೆ ಹರಡುತ್ತದೆ. ಅಂಚಿಗೇ ಹಚ್ಚಿದರೆ ಹೊರಗೆ ಇಳಿಯುತ್ತದೆ. ಅಂಟು ಗಟ್ಟಿಯಾಗುವವರೆಗೆ ತುಂಡುಗಳನ್ನು ಕಾಗದದ ಟೇಪಿನಿಂದ ಬಿಗಿಯಲಾಗುತ್ತದೆ. ಸೈನೊಅಕ್ರಿಲೇಟಿನ ಆವಿ ಸಂದಿನ ಸುತ್ತ ಬಿಳಿಯ ಪೊರೆಯಾಗಿ ಕೂರಬಹುದು. ಆದುದರಿಂದ ಬಣ್ಣ ಬಳಿಯುವುದಿದ್ದರೆ ಜೋಡಣೆಯ ನಂತರವೇ ಬಳಿಯುವುದು ವಾಡಿಕೆ.

## ಮಿತಿಗಳು

ಅಂಟಿನ ಸಂದು ನೇರವಾದ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಒಂದು ಅಂಚಿನಿಂದ ಎಬ್ಬುವ ಬಲಕ್ಕೆ ಸುಲಭವಾಗಿ ಸೋಲುತ್ತದೆ. ಭಾರ ಹೊರುವ ಅಥವಾ ಬಾಗುವ ವಸ್ತುಗಳಲ್ಲಿ ಪ್ಲಾಸ್ಟಿಕ್ ಪಿನ್ನಿನ ಬದಲು ತುಂಡುಗಳ ಮೂಲಕ ಹಾಯುವ ಲೋಹದ ಸರಳನ್ನು ಬಳಸಬೇಕಾಗುತ್ತದೆ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುವುದರಿಂದ, ಬಿಸಿಲಿನಲ್ಲಿ ನಿಂತ ಕಾರಿನೊಳಗಿಟ್ಟ ಪ್ರತಿಮೆಯಲ್ಲಿ ಅಂಟು ಬಿಡದಿದ್ದರೂ ತುಂಡುಗಳೇ ಬಾಗಿ ಸಂದು ತೆರೆದುಕೊಳ್ಳಬಹುದು.