ನಕ್ಷೆಯ ಮೇಲಿನ ಕೆಂಪು ಗೆರೆ

ಹುಣಸೂರಿನಿಂದ ಪಿರಿಯಾಪಟ್ಟಣವನ್ನು ಹಾದು ಪಡುವಣಕ್ಕೆ ಹೊರಟ ರಸ್ತೆ ಕೊಪ್ಪದ ಬಳಿ ಕಾವೇರಿಯನ್ನು ದಾಟಿ ಕೊಡಗನ್ನು ಸೇರುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಆ ಸೇತುವೆಯ ಆಚೆಗಿದ್ದುದು ಬೇರೊಂದು ರಾಜ್ಯ. ಇಂದು ಅದು ಬೇರೊಂದು ಜಿಲ್ಲೆ ಮಾತ್ರ. ತೆಂಕಲಿಗೆ ಹೆಗ್ಗಡದೇವನಕೋಟೆಯ ಕಾಡಿನಂಚಿನ ಬಾವಲಿಯಲ್ಲಿ ಈಗಲೂ ರಾಜ್ಯದ ಗಡಿಯುಂಟು. ಆಚೆಗೆ ಕೇರಳದ ವಯನಾಡು. ನಾನು ಈ ಎರಡು ಕಡೆಗಳಲ್ಲಿಯೂ ಓಡಾಡಿದವನು. ಇಲ್ಲಿನ ಗಡಿಯನ್ನು ಮೈಸೂರಿನವರ ನಕ್ಷೆ ಒಂದು ಬಗೆಯಾಗಿಯೂ ಕೇರಳದವರ ನಕ್ಷೆ ಇನ್ನೊಂದು ಬಗೆಯಾಗಿಯೂ ತೋರಿಸಿದ್ದನ್ನು ನಾನು ಕಾಣೆ. ಕಾರಣ ಸರಳವಾದುದು: ಎರಡೂ ಕಡೆಯ ನಕ್ಷೆಗೆ ಆಧಾರ ಭಾರತ ಸರ್ವೇಕ್ಷಣ ಇಲಾಖೆ ಎಂಬ ಒಂದೇ ಕಚೇರಿ. ಎರಡು ರಾಜ್ಯಗಳಿಗೆ ಜಗಳ ಬಂದರೂ ಕೇಳುವುದಕ್ಕೆ ಮೇಲೊಬ್ಬರಿದ್ದಾರೆ.

ಎರಡು ದೇಶಗಳ ನಡುವೆ ಇಂಥ ಒಂದು ಕಚೇರಿಯೂ ಇಲ್ಲ, ಮೇಲೆ ಕೇಳುವವರೂ ಇಲ್ಲ. ಅಲ್ಲಿ ನಕ್ಷೆಗಳು ಏಕೆ ಬೇರೆಯಾಗುತ್ತವೆ ಎಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಕೊಪ್ಪಕ್ಕೆ ಮೊದಲೇ ಸಿಗುವ ಬೈಲುಕುಪ್ಪೆಯಲ್ಲಿ ಇಳಿದರೆ ಸಾಕು. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗಾಗಿ ಮೈಸೂರು ಸರಕಾರ 1960ರಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟುದು ಇಲ್ಲಿ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಆಮೇಲೆ ಅವರ ನೆಲೆಯೊಂದಾಯಿತು.

ಬೈಲುಕುಪ್ಪೆಯ ಚಹಾದಂಗಡಿಯೊಂದರ ಗೋಡೆಯ ಮೇಲೆ ಟಿಬೆಟ್ಟಿನ ನಕ್ಷೆಯೊಂದು ತೂಗಾಡುತ್ತಿತ್ತು. ಅಂಗಡಿಯ ಮುದುಕರು ನಮ್ಮ ಕಡೆಯ ಕನ್ನಡವನ್ನೇ ಆಡುವವರು. ಹುಡುಗನಾಗಿದ್ದಾಗ ತಂದೆಯ ಕೈ ಹಿಡಿದು ತವಾಂಗಿನ ದಾರಿಯಾಗಿ ಬಂದವರಂತೆ.

"ಯಜಮಾನರೆ, ಗಡಿ ದಾಟಿದ್ದು ಎಲ್ಲಿ?" ಎಂದು ಕೇಳಿದೆ.

ಅವರು ಎದ್ದು ಬಂದು ನಕ್ಷೆಯ ಮೇಲೆ ಹೆಬ್ಬೆರಳನ್ನು ಒತ್ತಿದರು. "ಇಲ್ಲೇ ಸಾರ್. ಆದರೆ ಗೆರೆಗಿರೆ ಏನೂ ಕಾಣಲಿಲ್ಲ. ಭಾರತದ ಸಿಪಾಯಿ ಕಂಡ. ಅಪ್ಪ ಕೂತು ಅತ್ತುಬಿಟ್ಟರು. ಆಗ ಗೊತ್ತಾಯ್ತು, ದಾಟಿದ್ವಿ ಅಂತ."

ಅವರ ಹೆಬ್ಬೆರಳು ಮುಚ್ಚಿದ್ದ ಜಾಗ ಹತ್ತಾರು ಮೈಲಿಗಳದು. ಆ ಹತ್ತಾರು ಮೈಲಿಗಳೊಳಗಿನ ನಾಲ್ಕು ಮೈಲಿಗಾಗಿ 1962ರಲ್ಲಿ ಯುದ್ಧ ಹತ್ತಿಕೊಂಡಿತು ಎಂಬುದನ್ನು ನೆನೆದಾಗ ನನಗೆ ಆ ಗೆರೆಯ ಚರಿತ್ರೆಯನ್ನು ಮೊದಲಿನಿಂದ ಹೇಳಬೇಕೆನಿಸಿತು.

ಗಡಿಯೊಂದು ಹುಟ್ಟುವುದರಲ್ಲಿ ಎರಡು ಹಂತಗಳುಂಟು. ಮೊದಲನೆಯದು ಕಾಗದದ ಮೇಲಿನ ನಿರ್ಣಯ: ಇಂಥ ಬೆಟ್ಟಸಾಲಿನ ನೆತ್ತಿ, ಇಂಥ ಹೊಳೆಯ ನಡುಪಾತ್ರ ಎಂದು ಮಾತಿನಲ್ಲಿ ಬರೆದು, ನಕ್ಷೆಯ ಮೇಲೆ ಗೆರೆಯೆಳೆದು, ಎರಡು ಪಕ್ಷದವರೂ ರುಜು ಹಾಕುವುದು. ಎರಡನೆಯದು ನೆಲದ ಮೇಲಿನ ಗುರುತು: ಎರಡು ಪಕ್ಷದ ಮೋಜಣಿದಾರರೂ ಕೂಡಿ ನಡೆದು ಕಲ್ಲು ನೆಡುವುದು. ಕೃಷ್ಣರಾಜನಗರದ ಕಡೆಯ ರೈತರನ್ನು ಕೇಳಿ, ಹೊಲದ ಮೂಲೆಯ ಬಾಂದು ಕಲ್ಲು ಕಿತ್ತುಹೋದರೆ ನಕ್ಷೆಯೊಂದರಿಂದಲೇ ವ್ಯಾಜ್ಯ ತೀರುವುದಿಲ್ಲವೆಂದು ಅವರು ಹೇಳುತ್ತಾರೆ. ಸರ್ವೇಕ್ಷಣ ಇಲಾಖೆಯ ಹಾಳೆಗಳ ಅಡಿಯಲ್ಲಿರುವ ಸಂಕೇತಪಟ್ಟಿಯೂ ಇದನ್ನು ಬಲ್ಲದು: ನೆಲದಲ್ಲಿ ಗುರುತಿಸಿದ ಗಡಿಗೆ ಒಂದು ಚಿಹ್ನೆ, ಗುರುತಿಸದ ಗಡಿಗೆ ಇನ್ನೊಂದು. ಈ ಭೇದವನ್ನು ನೋಡದೆ ನಕ್ಷೆಯನ್ನು ಓದುವುದು ಸಹಿಯಿಲ್ಲದ ಪತ್ರವನ್ನು ಕ್ರಯಪತ್ರವೆಂದು ನಂಬಿದಂತೆ.

ನಮ್ಮ ಈಶಾನ್ಯದ ಗಡಿಯಲ್ಲಿ ಮೊದಲ ಹಂತ ಅರ್ಧ ನಡೆಯಿತು, ಎರಡನೆಯದು ನಡೆಯಲೇ ಇಲ್ಲ. 1913ರ ಅಕ್ಟೋಬರಿನಲ್ಲಿ ಸಿಮ್ಲಾದಲ್ಲಿ ಮೂವರು ಪ್ರತಿನಿಧಿಗಳು ಕೂಡಿದರು: ಬ್ರಿಟಿಷ್ ಇಂಡಿಯಾದ ಪರವಾಗಿ ಸರ್ ಹೆನ್ರಿ ಮ್ಯಾಕ್‌ಮಹೋನ್, ಟಿಬೆಟ್ಟಿನ ಪರವಾಗಿ ಲೋಂಚೆನ್ ಶಾತ್ರಾ, ಚೀನದ ಪರವಾಗಿ ಐವಾನ್ ಚೆನ್. ಮ್ಯಾಕ್‌ಮಹೋನ್ ಗಡಿಯ ಕೆಲಸವನ್ನರಿಯದ ವ್ಯಕ್ತಿಯಲ್ಲ. ಹಿಂದೆ ಬಲೂಚಿಸ್ತಾನದ ಎಲ್ಲೆಯಲ್ಲಿ ತಾನೇ ನಿಂತು ಗಡಿಯನ್ನು ಗುರುತಿಸಿದ್ದವನು. ಆದರೆ ಇಲ್ಲಿ ಆ ಅವಕಾಶ ಬರಲಿಲ್ಲ. 1914ರ ಮಾರ್ಚ್ 24 ಮತ್ತು 25ರಂದು ಅವನೂ ಶಾತ್ರಾನೂ ಪತ್ರಗಳನ್ನು ಬದಲಾಯಿಸಿಕೊಂಡು, ಎರಡು ಹಾಳೆಗಳ ನಕ್ಷೆಯ ಮೇಲೆ ಭೂತಾನದಿಂದ ಬರ್ಮಾದವರೆಗೆ ಎಳೆದ ಕೆಂಪು ಗೆರೆಯನ್ನು ಒಪ್ಪಿದರು. ಈ ಮಾತುಕತೆಯಲ್ಲಿ ಚೀನದ ಪ್ರತಿನಿಧಿಯಿರಲಿಲ್ಲ. ಅದೇ ಗೆರೆ ಸಿಮ್ಲಾ ಒಪ್ಪಂದದ ಚಿಕ್ಕ ನಕ್ಷೆಯಲ್ಲಿಯೂ ಸೇರಿತು. ಅದಕ್ಕೆ ಐವಾನ್ ಚೆನ್ ಏಪ್ರಿಲ್ 27ರಂದು ಹೆಸರಿನ ಮೊದಲಕ್ಷರ ಹಾಕಿದನು. ಅವನ ಸರಕಾರ ಕೂಡಲೇ ಅದನ್ನು ತಳ್ಳಿಹಾಕಿತು. ಮಿಕ್ಕಿಬ್ಬರು ತಮ್ಮತಮ್ಮೊಳಗೆ ಒಪ್ಪಂದ ನಿಲ್ಲುವುದೆಂದು ಜುಲೈ 3ರಂದು ಘೋಷಿಸಿದರು.

ಈಗ ಆ ಕೆಂಪು ಗೆರೆಯನ್ನು ಹತ್ತಿರದಿಂದ ನೋಡೋಣ. ಮಾರ್ಚಿ ನಕ್ಷೆಯ ಅಳತೆ ಅಂಗುಲಕ್ಕೆ ಎಂಟು ಮೈಲಿ. ಗೆರೆಯ ದಪ್ಪ ಅಂಗುಲದ ಹದಿನಾರನೆಯ ಒಂದು ಪಾಲು ಎಂದು ಇಟ್ಟುಕೊಂಡರೂ ನೆಲದ ಮೇಲೆ ಅದು ಅರ್ಧ ಮೈಲಿ ಅಗಲದ ಪಟ್ಟಿಯಾಗುತ್ತದೆ. ಒಂದು ಹಳ್ಳಿಯೇ ಗೆರೆಯೊಳಗೆ ಮುಳುಗಿಹೋದೀತು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಗೆರೆ ಸಾಮಾನ್ಯವಾಗಿ ಹಿಮಾಲಯದ ಎತ್ತರದ ನೆತ್ತಿಯನ್ನು ಹಿಡಿದು ಹೋಗಬೇಕೆಂಬುದು ಉದ್ದೇಶ. ಬೈಲಿ, ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು 1913ರಲ್ಲಿ ನಡೆದು ಅಳೆದ ಕಡೆಗಳಲ್ಲಿ ನಕ್ಷೆ ತಕ್ಕಮಟ್ಟಿಗೆ ನಿಜ. ಅವರ ಕಣ್ಣಿಗೆ ಬೀಳದ ಮೂಲೆಗಳಲ್ಲಿ ಊಹೆ. ಭೂತಾನದ ಮಗ್ಗುಲಿನ ತಗ್‌ಲಾ ಎಂಬ ಬೆಟ್ಟಸಾಲು ಇಂಥ ಮೂಲೆಗಳಲ್ಲೊಂದು. ಅಲ್ಲಿ ಕಾಗದದ ಗೆರೆ ನಿಜವಾದ ನೆತ್ತಿಗಿಂತ ಸುಮಾರು ನಾಲ್ಕು ಮೈಲಿ ತೆಂಕಲಿಗೆ ಬಿದ್ದಿತು. ಗೆರೆಗೂ ನೆತ್ತಿಗೂ ನಡುವೆ ನಾಮ್‌ಕಾ ಚು ಎಂಬ ಹೊಳೆ ಹರಿಯುತ್ತದೆ.

ಯಾವುದು ಗಡಿ? ಉದ್ದೇಶಕ್ಕೆ ಬೆಲೆ ಕೊಡಬೇಕು, ನೆತ್ತಿಯೇ ಗಡಿ ಎಂದಿತು ಭಾರತ. ನಿಮ್ಮ ಗೆರೆಯನ್ನು ನಾವು ಒಪ್ಪಿಲ್ಲ. ಒಪ್ಪಿದರೂ ಅದು ನೆತ್ತಿಯ ತೆಂಕಲಿಗಿದೆಯಲ್ಲವೆ ಎಂದಿತು ಚೀನ. ಮೋಜಣಿದಾರರು ಕೂಡಿ ನಡೆದು ಕಲ್ಲು ನೆಟ್ಟಿದ್ದರೆ ಆಗಲೇ ತೀರಬಹುದಾಗಿದ್ದ ಪ್ರಶ್ನೆಯಿದು. ಅದಾಗಲಿಲ್ಲ. 1962ರ ಜೂನಿನಲ್ಲಿ ನಮ್ಮವರು ನಾಮ್‌ಕಾ ಚು ಬಳಿ ಧೋಲಾ ಎಂಬ ಠಾಣೆಯನ್ನಿಟ್ಟರು; ಸೆಪ್ಟೆಂಬರ್ 8ರಂದು ಚೀನೀ ಪಡೆ ತಗ್‌ಲಾದಿಂದ ಇಳಿದು ಬಂದಿತು; ಅಕ್ಟೋಬರ್ 20ರ ಮುಂಜಾನೆ ಗುಂಡು ಹಾರಿತು. 1959ರ ಮಾರ್ಚ್ 31ರಂದು ದಲೈ ಲಾಮಾ ಭಾರತದ ನೆಲಕ್ಕೆ ಕಾಲಿಟ್ಟುದೂ ಗಡಿಯ ಇದೇ ಭಾಗದಲ್ಲಿ.

ನಕ್ಷೆಗಳ ಮಾತಿಗೆ ಬರೋಣ. ಸಿಮ್ಲಾದ ಕೆಂಪು ಗೆರೆ ಬಹುಕಾಲ ಕಡತದಲ್ಲಿ ಮಲಗಿತ್ತು. ಸರ್ವೇಕ್ಷಣ ಇಲಾಖೆ ಅದನ್ನು ತನ್ನ ನಕ್ಷೆಗಳಲ್ಲಿ ತೋರಿಸಲಾರಂಭಿಸಿದ್ದು 1937ರ ಸುಮಾರಿಗೆ. ಅದೂ ಗುರುತಿಸದ ಗಡಿಯೆಂದು. ಒಪ್ಪಂದಗಳ ಸರಕಾರಿ ಸಂಗ್ರಹದ 1929ರ ಸಂಪುಟದಲ್ಲಿ ಈ ಗೆರೆಯ ಪತ್ರಗಳಿರಲಿಲ್ಲ. 1938ರಲ್ಲಿ ಆ ಸಂಪುಟವನ್ನು ಹಿಂದಕ್ಕೆ ತರಿಸಿಕೊಂಡು, ಪತ್ರಗಳನ್ನು ಸೇರಿಸಿ, ಮುಖಪುಟದಲ್ಲಿ ಮಾತ್ರ 1929 ಎಂದೇ ಅಚ್ಚುಹಾಕಿದರು. ನಮ್ಮ ಪಕ್ಷಕ್ಕೆ ಅನುಕೂಲವಾದುದೆಂದು ಇದನ್ನು ಮುಚ್ಚಿಡುವುದು ಚರಿತ್ರೆ ಬರೆಯುವವನಿಗೆ ಸಲ್ಲದು. ತವಾಂಗಿನಲ್ಲಿಯೂ ಗೆರೆಯ ಈಚೆಗಿದ್ದರೂ ಲ್ಹಾಸಾದ ಆಡಳಿತವೇ ನಡೆಯುತ್ತಿದ್ದು, ಭಾರತದ ಅಧಿಕಾರ ನೆಲೆಯೂರಿದುದು 1951ರಲ್ಲಿ.

1950ರ ಭಾರತದ ನಕ್ಷೆಯಲ್ಲಿ ಲಡಾಖಿನ ಕಡೆಗೆ 'ಗಡಿ ನಿರ್ಣಯವಾಗಿಲ್ಲ' ಎಂಬ ಬರಹವೇ ಇತ್ತು. 1954ರ ಜುಲೈಯಲ್ಲಿ ಪ್ರಧಾನಿ ನೆಹರೂ ಹಳೆಯ ನಕ್ಷೆಗಳನ್ನು ಕೈಬಿಟ್ಟು ಹೊಸವನ್ನು ಅಚ್ಚುಹಾಕಬೇಕೆಂದು ಬರೆದರು. ಅಲ್ಲಿಂದ ಮುಂದೆ ಆ ಬರಹ ಮಾಯವಾಗಿ ಉದ್ದಕ್ಕೂ ಒಂದೇ ಬಗೆಯ ಗಟ್ಟಿ ಗೆರೆ ಬಂದಿತು. ನೆಲದ ಮೇಲೆ ಒಂದು ಕಲ್ಲೂ ಹೊಸದಾಗಿ ಬಿದ್ದಿರಲಿಲ್ಲ. ಬದಲಾದುದು ಚಿಹ್ನೆ ಮಾತ್ರ. ಚೀನದ ನಕ್ಷೆಗಳಾದರೋ ಗಡಿಯನ್ನು ಬ್ರಹ್ಮಪುತ್ರದ ಬಯಲಿನಂಚಿಗೆ ತಂದು, ಈಗಿನ ಅರುಣಾಚಲದ ಬಹುಭಾಗವನ್ನು, ಸುಮಾರು 90,000 ಚದರ ಕಿಲೋಮೀಟರನ್ನು, ಒಳಗೆ ಹಾಕಿಕೊಳ್ಳುತ್ತಿದ್ದವು. ಇವು ಹಳೆಯ ಸರಕಾರದ ಕಾಲದ ನಕ್ಷೆಗಳ ಮರುಮುದ್ರಣ ಎಂದು ಮೊದಲು ಸಮಾಧಾನ ಹೇಳಿದ ಚೌ ಎನ್‌ಲಾಯ್, 1959ರ ಜನವರಿ 23ರ ಪತ್ರದಲ್ಲಿ ಎರಡು ದೇಶಗಳ ಗಡಿ ಎಂದೂ ವಿಧ್ಯುಕ್ತವಾಗಿ ನಿರ್ಣಯವಾಗಿಯೇ ಇಲ್ಲವೆಂದರು. 2023ರ ಆಗಸ್ಟಿನಲ್ಲಿ ಚೀನ ಹೊರಡಿಸಿದ ನಕ್ಷೆಯಲ್ಲಿಯೂ ಆ ಗೆರೆ ಅಲ್ಲಿಯೇ ಇದ್ದಿತು, ಭಾರತ ಪ್ರತಿಭಟಿಸಿತು.

ಹಾಗಾದರೆ ಚೀನಕ್ಕೆ ಬೇಡವಾದುದು ಆ ಬೆಟ್ಟಸಾಲೆ? ಅಲ್ಲವೆನ್ನುವುದಕ್ಕೆ ಒಳ್ಳೆಯ ಸಾಕ್ಷಿಯೊಂದುಂಟು. ಸಿಮ್ಲಾದ ಕೆಂಪು ಗೆರೆಯ ಮೂಡಲ ತುದಿ ಬರ್ಮಾಕ್ಕೆ ಸೇರಿದ್ದು. 1960ರ ಅಕ್ಟೋಬರ್ 1ರಂದು ಚೀನ ಬರ್ಮಾದೊಡನೆ ಗಡಿ ಒಪ್ಪಂದ ಮಾಡಿಕೊಂಡಾಗ ಅಲ್ಲಿ ಬಹುಮಟ್ಟಿಗೆ ಅದೇ ಗೆರೆಯನ್ನೇ ಒಪ್ಪಿತು. ಎರಡು ಕಡೆಯವರೂ ಕೂಡಿ ಕಲ್ಲುಗಳನ್ನೂ ನೆಟ್ಟರು. ಮ್ಯಾಕ್‌ಮಹೋನ್ ಎಂಬ ಹೆಸರು ಮಾತ್ರ ಬರಲಿಲ್ಲ. ನೆಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದುದು ರುಜು. ಲೋಂಚೆನ್ ಶಾತ್ರಾನ ರುಜು ಸಿಂಧುವೆಂದರೆ 1914ರಲ್ಲಿ ಟಿಬೆಟ್ ಪರದೇಶದೊಡನೆ ಒಪ್ಪಂದ ಮಾಡಿಕೊಳ್ಳಬಲ್ಲ ರಾಜ್ಯವಾಗಿತ್ತೆಂದು ಒಪ್ಪಿದಂತಾಯಿತು. ಪೀಕಿಂಗಿಗೆ ಅದು ನುಂಗಲಾಗದ ತುತ್ತು. ಭಾರತದ ಸಂಕಟ ಇನ್ನೊಂದು: ಆ ರುಜುವನ್ನು ಗಡಿಗೆ ಆಧಾರವೆನ್ನುತ್ತೇವೆ, ಟಿಬೆಟ್ ಚೀನದ ಭಾಗವೆಂದೂ ಒಪ್ಪುತ್ತೇವೆ.

ಇದೆಲ್ಲವನ್ನೂ ನಾನು ಸಂಗ್ರಹವಾಗಿ ಹೇಳಿದಾಗ ಚಹಾದಂಗಡಿಯ ಮುದುಕರು ನಕ್ಕರು. "ನಮ್ಮವರ ಸಹಿ ಇರೋ ಕಾಗದ ಅದೊಂದು ಇದೆಯಲ್ಲ ಸಾರ್. ಅದಕ್ಕೇ ತವಾಂಗ್ ಭಾರತದ್ದು ಅಂತೀವಿ" ಎಂದರು. ದಲೈ ಲಾಮಾ 2008ರಲ್ಲಿ ಬಹಿರಂಗವಾಗಿ ಹೇಳಿದುದೂ ಅದನ್ನೇ. ಆದರೆ 1947ರಲ್ಲಿ ಲ್ಹಾಸಾದ ಸರಕಾರವೇ ಹೊಸ ಭಾರತದಿಂದ ಗಡಿಯ ನೆಲಗಳನ್ನು ಹಿಂದಕ್ಕೆ ಕೇಳಿತ್ತೆಂಬುದೂ ದಾಖಲೆಯಲ್ಲಿದೆ. ನೆಲವನ್ನು ಕೇಳಿದವರೇ ನೆಲವನ್ನು ಕಳೆದುಕೊಂಡ ಮೇಲೆ ರುಜುವನ್ನು ಎದೆಗವಚಿಕೊಂಡರು. ಉಳಿದುದು ಅದೊಂದೇ.

ಸರ್ವೇಕ್ಷಣ ಇಲಾಖೆಯ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು ನಮ್ಮಲ್ಲಿ ಶಿಕ್ಷಾರ್ಹ ಅಪರಾಧ. ಚೀನದಲ್ಲಿಯೂ ಇಂಥ ಕಟ್ಟಳೆಯುಂಟು. ಆದುದರಿಂದ ಎರಡು ದೇಶದ ಮಕ್ಕಳೂ ಬೇರೆಬೇರೆ ಗಟ್ಟಿ ಗೆರೆಗಳನ್ನು ನೋಡಿಯೇ ಬೆಳೆಯುತ್ತಾರೆ. ಮೂರನೆಯ ದೇಶದವರು ಅಚ್ಚುಹಾಕಿದ ಭೂಪಟದಲ್ಲಿ ಮಾತ್ರ ಅದು ತುಂಡು ಗೆರೆಯಾಗಿ ಕಾಣುತ್ತದೆ; ಆ ತುಂಡು ಗೆರೆಯ ಅರ್ಥ ಇಲ್ಲಿ ಯಾರೂ ಕೂಡಿ ನಡೆದು ಕಲ್ಲು ನೆಟ್ಟಿಲ್ಲ ಎಂದಿಷ್ಟೆ.

ಸಂಜೆ ನಾನು ಕೊಪ್ಪದ ಸೇತುವೆಯವರೆಗೆ ನಡೆದೆ. ಒಂದು ಕಾಲದ ಆ ಗಡಿಯನ್ನು ಬೌದ್ಧ ಭಿಕ್ಷುಗಳಿಬ್ಬರು ತರಕಾರಿಯ ಚೀಲ ಹಿಡಿದುಕೊಂಡು ಕುಶಾಲನಗರದಿಂದ ಈಚೆಗೆ ದಾಟಿ ಬರುತ್ತಿದ್ದರು.