ಮುಚ್ಚಿದ ಕೋಣೆಯೊಳಗೆ ಸೊಳ್ಳೆಬತ್ತಿ, ಗಂಧದಕಡ್ಡಿಯ ಹೊಗೆ

ಹುಳು ಮನೆಗೆ ಬೇಡವಾದ ಬತ್ತಿ

ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಯಲ್ಲಿ ರೇಷ್ಮೆ ಹುಳು ಮೇಯಿಸುವವರಿಗೆ ಒಂದು ಕಟ್ಟುಪಾಡು ಗೊತ್ತು: ಹುಳು ಇರುವ ಕಡೆ ಸೊಳ್ಳೆಬತ್ತಿ ಹಚ್ಚಬಾರದು. ಬತ್ತಿಯಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೊಳ್ಳೆಯನ್ನು ಕೆಡವುವ ಹಾಗೆಯೇ ರೇಷ್ಮೆ ಹುಳುವನ್ನೂ ಕೆಡವುತ್ತದೆ. ಅದೂ ಕೀಟವೇ ತಾನೆ. ಮನುಷ್ಯನ ದೇಹ ಈ ಔಷಧವನ್ನು ಬೇಗ ಒಡೆದು ಹೊರಹಾಕುತ್ತದೆ. ಹಾಗಾಗಿ ಮಲಗುವ ಕೋಣೆಯಲ್ಲಿ ನಮಗೆ ಹೆಚ್ಚು ತೊಂದರೆ ಕೊಡುವುದು ಔಷಧಕ್ಕಿಂತ ಅದನ್ನು ಹೊತ್ತು ತರುವ ಹೊಗೆ.

ಉರಿಯುವುದು ಏನು?

ಸೊಳ್ಳೆಬತ್ತಿಯಲ್ಲಿ ಕೀಟನಾಶಕ ಇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಬಹಳ ಕಡಿಮೆ. ಮಿಕ್ಕಿದ್ದೆಲ್ಲ ಮರದ ಹೊಟ್ಟು, ತೆಂಗಿನ ಚಿಪ್ಪಿನ ಪುಡಿ, ಗಂಜಿ, ಅಂಟು, ಬಣ್ಣ. ಕೆಂಡದ ತುದಿಯ ಹಿಂದಿನ ಭಾಗ ಬಿಸಿಯಾದಾಗ ಔಷಧ ಆವಿಯಾಗಿ ಮೇಲೇಳುತ್ತದೆ. ಜ್ವಾಲೆಯಿಲ್ಲದೆ, ಸಾಕಷ್ಟು ಗಾಳಿ ಸಿಗದೆ ಹೊಟ್ಟು ನಿಧಾನಕ್ಕೆ ಕನಲುವುದರಿಂದ ಅದು ಪೂರ್ತಿ ಸುಡುವುದಿಲ್ಲ. ಅರೆಬೆಂದ ಆ ಭಾಗವೇ ಹೊಗೆ. ಗಂಧದಕಡ್ಡಿಯದೂ ಇದೇ ಕಥೆ: ಬಿದಿರುಕಡ್ಡಿಗೆ ಮೆತ್ತಿದ ಇದ್ದಿಲು ಪುಡಿ, ಮರದ ಪುಡಿ, ಅಂಟು, ಮೇಲೆ ಸುಗಂಧ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಅದರ ಪರಿಮಳದ ಪರಂಪರೆಗೆ. ಹೊಗೆಯ ಲೆಕ್ಕದಲ್ಲಿ ಅದಕ್ಕೆ ವಿನಾಯಿತಿ ಏನಿಲ್ಲ.

ಈ ಹೊಗೆಯ ಬಹುಪಾಲು ಕಣಗಳು ಒಂದು ಮೈಕ್ರಾನಿಗಿಂತಲೂ ಸಣ್ಣವು. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳನ್ನೆಲ್ಲ ಪಿಎಂ 2.5 ಎಂದು ಕರೆಯುತ್ತಾರೆ. ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಇವನ್ನು ಮೂಗು ತಡೆಯಲಾರದು; ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಬತ್ತಿ ಉಗುಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು ಕಂಡಿತು. ಸಿಗರೇಟಿನಲ್ಲಿ ತಂಬಾಕಿನ ವಿಷಗಳು ಬೇರೆ ಇರುತ್ತವೆ, ಆದ್ದರಿಂದ ಎರಡರ ಕೇಡೂ ಒಂದೇ ಎಂದಲ್ಲ. ಹೋಲಿಕೆ ಕಣಗಳ ತೂಕಕ್ಕೆ ಮಾತ್ರ.

ಹತ್ತಡಿ ಕೋಣೆಯ ಲೆಕ್ಕ

ಉದ್ದ, ಅಗಲ, ಎತ್ತರ ಹತ್ತತ್ತು ಅಡಿ ಇರುವ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಯುತ್ತದೆ. ಒಂದು ಗ್ರಾಂ ತೂಕದ ಒಂದು ಗಂಧದಕಡ್ಡಿ ಸುಟ್ಟರೆ ಅಂದಾಜು 45 ಮಿಲಿಗ್ರಾಂ ಕಣ ಹೊರಬೀಳುತ್ತದೆ. 12 ಗ್ರಾಂ ತೂಕದ ಸೊಳ್ಳೆಬತ್ತಿ ಎಂಟು ಗಂಟೆ ಉರಿಯುತ್ತದೆ ಎಂದುಕೊಂಡರೆ ಗಂಟೆಗೆ ಒಂದೂವರೆ ಗ್ರಾಂ ಸುಡುತ್ತದೆ. ಗ್ರಾಮಿಗೆ 30 ಮಿಲಿಗ್ರಾಮಿನಂತೆ ಅದೂ ಗಂಟೆಗೆ 45 ಮಿಲಿಗ್ರಾಂ. ಅಂದರೆ ರಾತ್ರಿಯಿಡೀ ಸೊಳ್ಳೆಬತ್ತಿ ಹಚ್ಚಿ ಮಲಗುವುದೆಂದರೆ ಬೆಳಗಿನವರೆಗೆ ಗಂಟೆಗೊಂದು ಗಂಧದಕಡ್ಡಿ ಹಚ್ಚಿದ ಹಾಗೆ.

ಬಾಗಿಲು, ಕಿಟಕಿ ಹಾಕಿದ ಕೋಣೆಯಲ್ಲಿ ಸಂದಿಗಳ ಮೂಲಕ ಗಂಟೆಗೆ ಒಂದು ಸಲ ಗಾಳಿ ಬದಲಾದರೂ ಕಣಗಳ ಪ್ರಮಾಣ ಘನ ಮೀಟರಿಗೆ 1600 ಮೈಕ್ರೋಗ್ರಾಮಿನ ಆಸುಪಾಸಿಗೆ ಏರಿ ಅಲ್ಲೇ ನಿಲ್ಲುತ್ತದೆ. ದಿನದ ಸರಾಸರಿಗೆ ನಮ್ಮ ದೇಶ ಇಟ್ಟಿರುವ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎದುರುಬದುರು ಕಿಟಕಿ ತೆಗೆದು ಗಾಳಿ ಗಂಟೆಗೆ ಆರು ಸಲ ಬದಲಾದರೆ 1600 ಇದ್ದದ್ದು 270ಕ್ಕೆ ಇಳಿಯುತ್ತದೆ. ಇದು ದೊಡ್ಡ ಇಳಿಕೆಯೇ. ಆದರೂ ಎಂಟು ಗಂಟೆಯ ಆ ಹೊಗೆಯೊಂದೇ ಇಡೀ ದಿನದ ಸರಾಸರಿಗೆ 90 ಸೇರಿಸುತ್ತದೆ. ಬತ್ತಿಯ ತಯಾರಿಕೆ, ಗೋಡೆ, ಸೂರು ನೋಡಿಕೊಂಡು ಈ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ಸಂದಿಗಳಿರುವ ಹಂಚಿನ ಮನೆಗಿಂತ ಸುತ್ತ ಬಿಗಿಯಾದ ಆರ್‌ಸಿಸಿ ಮನೆಯಲ್ಲೇ ಹೊಗೆ ಹೆಚ್ಚು ನಿಲ್ಲುತ್ತದೆ.

ಗೊತ್ತಾಗುವುದು ಹೇಗೆ?

ವಾಸನೆ ನಂಬುವಂಥದ್ದಲ್ಲ, ಮೂಗಿಗೆ ಅದು ಬೇಗ ರೂಢಿಯಾಗುತ್ತದೆ. ಬತ್ತಿ ಉರಿಯುತ್ತಿರುವ ಕೋಣೆಯ ದೀಪ ಆರಿಸಿ ಟಾರ್ಚ್ ಬಿಟ್ಟು ನೋಡಿ. ಬೆಳಕು ಕೋಲಿನಂತೆ ಎದ್ದು ಕಂಡರೆ ಕಣ ತುಂಬಿದೆ ಎಂದರ್ಥ. ಬತ್ತಿ ಇಡುವ ಮೂಲೆಯ ಗೋಡೆ ಕಂದಾಗುವುದು, ಬೆಳಿಗ್ಗೆ ಗಂಟಲು ಕೆರೆಯುವುದು, ಮಗುವಿನ ಒಣಕೆಮ್ಮು ಊರು ಬಿಟ್ಟಾಗ ಕಡಿಮೆಯಾಗುವುದು ಇನ್ನಷ್ಟು ಸೂಚನೆಗಳು. ಬತ್ತಿಯನ್ನು ಮಂಚದ ಕೆಳಗೆ ತಳ್ಳುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು: ಬಿಸಿ ಹೊಗೆ ನೇರ ಮಲಗಿದವರ ಮುಖದತ್ತ ಏಳುತ್ತದೆ, ಹಾಸಿಗೆಗೆ ಬೆಂಕಿ ತಗಲುವ ಅಪಾಯ ಬೇರೆ.

ಬದಲಿಗೆ ಏನು?

ಗಂಧದಕಡ್ಡಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಕಿಟಕಿ ತೆರೆದು ಹಚ್ಚಿದರೆ, ಮಲಗುವಷ್ಟರಲ್ಲಿ ಬಹುಪಾಲು ಹೊಗೆ ಹೊರಗೆ ಹೋಗಿರುತ್ತದೆ. ಸೊಳ್ಳೆಬತ್ತಿಗೆ ಜಗುಲಿಯೇ ಸರಿಯಾದ ಜಾಗ. ‘ಗಿಡಮೂಲಿಕೆಯದು’ ಎಂದು ಮಾರುವ ಸೊಳ್ಳೆ ಅಗರಬತ್ತಿಯೂ ಉರಿದೇ ಕೆಲಸ ಮಾಡುತ್ತದೆ, ಆದ್ದರಿಂದ ಅದರದೂ ಹೊಗೆಯೇ. ಇನ್ನು ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ರಾತ್ರಿ ಹಚ್ಚಿದ ಬತ್ತಿ ಅದಕ್ಕೆ ಉತ್ತರವಲ್ಲ.

ಕರೆಂಟಿಗೆ ಸಿಕ್ಕಿಸುವ ದ್ರವದ ಯಂತ್ರದಲ್ಲಿ ಏನೂ ಸುಡದ ಕಾರಣ ಕಣಗಳ ಕಾಟ ತೀರಾ ಕಡಿಮೆ. ಆದರೆ ಅದರ ಆವಿಯೂ ಪೈರೆಥ್ರಾಯ್ಡ್ ಗುಂಪಿನದೇ. ಹುಳು ಮನೆಗೂ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ ಇರುವವರು, ಹುಳು ಹಣ್ಣಾಗಿ ಚಂದ್ರಿಕೆಗೆ ಏರಿ ಗೂಡು ಕಟ್ಟಿ ಮುಗಿಸುವವರೆಗೂ ಅದನ್ನು ಹಾಕುವಂತಿಲ್ಲ. ಅವರಿಗೆ ಉಳಿಯುವುದು ಔಷಧ ಸವರದ ಸಾದಾ ಸೊಳ್ಳೆಪರದೆ, ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿಕೊಂಡು.